ರಿಪೇರಿಗೆ ಹೋಗಿ ಬಂದ ಸ್ಪಿಂಡಲ್ ಕಸ್ಟಮ್ಸ್‌ನಲ್ಲಿ ನಿಂತಾಗ

ಪೀಣ್ಯ ಎರಡನೇ ಹಂತದಲ್ಲಿರುವ ನಮ್ಮ ಗ್ರೈಂಡಿಂಗ್ ವರ್ಕ್‌ಶಾಪಿನಲ್ಲಿ ಖರೀದಿಯನ್ನೂ ಆಮದು-ರಫ್ತಿನ ಕಾಗದಪತ್ರಗಳನ್ನೂ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಯಂತ್ರವೊಂದರಲ್ಲಿ ಗ್ರೈಂಡಿಂಗ್ ಚಕ್ರವನ್ನು ತಿರುಗಿಸುವ ಸ್ಪಿಂಡಲ್ ಕೆಟ್ಟಾಗ ಅದನ್ನು ಜರ್ಮನಿಯ ತಯಾರಕರ ಬಳಿಗೇ ರಿಪೇರಿಗೆ ಕಳುಹಿಸಿದ್ದೆವು. ರಿಪೇರಿಯಾಗಿ ಬೆಂಗಳೂರಿಗೆ ಬಂದಿಳಿದ 28 ಕಿಲೋ ತೂಕದ ಆ ಪೆಟ್ಟಿಗೆ ದೇವನಹಳ್ಳಿಯ ಏರ್ ಕಾರ್ಗೋದಲ್ಲಿ ಒಂಬತ್ತು ದಿನ ನಿಂತಿತು. ಅದರಲ್ಲಿ ಮೊದಲ ನಾಲ್ಕು ದಿನ ವ್ಯರ್ಥವಾದದ್ದು ನಾನು ಸರಿಯಾದ ಪ್ರಶ್ನೆ ಕೇಳದೆ ಹೋದದ್ದರಿಂದ.

ಕೊರಿಯರ್ ಕಂಪನಿಯ ಟ್ರ್ಯಾಕಿಂಗ್ ಪುಟದಲ್ಲಿ ಆ ನಾಲ್ಕೂ ದಿನ ಕಸ್ಟಮ್ಸ್ ಕ್ಲಿಯರೆನ್ಸ್ ತಡವಾಗಿದೆ ಎಂಬ ಒಂದೇ ಸಾಲು ಇತ್ತು. ನಾನು ದಿನಕ್ಕೆರಡು ಬಾರಿ ಗ್ರಾಹಕ ಸೇವೆಯ ಸಂಖ್ಯೆಗೆ ಕರೆ ಮಾಡಿ, ಯಂತ್ರ ನಿಂತಿದೆ, ದಯವಿಟ್ಟು ಬೇಗ ಬಿಡಿಸಿಕೊಡಿ ಎಂದು ಕೇಳುತ್ತಿದ್ದೆ. ಅವರು ಟ್ರ್ಯಾಕಿಂಗ್ ಪುಟದಲ್ಲಿದ್ದ ಸಾಲನ್ನೇ ಓದಿ ಹೇಳುತ್ತಿದ್ದರು. ಅವರನ್ನು ದೂರುವಂತಿಲ್ಲ, ಏಕೆಂದರೆ ಕರೆ ತೆಗೆದುಕೊಳ್ಳುವವರ ಪರದೆಯಲ್ಲಿ ಅದಕ್ಕಿಂತ ಹೆಚ್ಚಿನದು ಇರುವುದಿಲ್ಲ. ಕೊನೆಗೆ ಕ್ಲಿಯರೆನ್ಸ್ ವಿಭಾಗದ ನೇರ ಸಂಖ್ಯೆ ಸಿಕ್ಕಿದಾಗ, ನಾನೇ ಏರ್‌ಪೋರ್ಟಿಗೆ ಬಂದು ಅಧಿಕಾರಿಗಳನ್ನು ಕಾಣಬಹುದೇ ಎಂದು ಕೇಳಿದೆ. ಅಲ್ಲಿದ್ದವರು, “ಬನ್ನಿ ಮೇಡಂ, ಆದರೆ ನಿಮ್ಮ ಫೈಲ್ ನೋಡುತ್ತಿರುವವರು ಬೆಂಗಳೂರಿನಲ್ಲೇ ಇಲ್ಲವಲ್ಲ,” ಎಂದರು.

ಆ ಮಾತಿನಿಂದ ನನಗೆ ಇಡೀ ವಿಷಯ ಬೇರೆಯಾಗಿ ಕಾಣತೊಡಗಿತು. 2020ರ ಜೂನ್ 8ರಂದು ಬೆಂಗಳೂರು ಮತ್ತು ಚೆನ್ನೈಗಳಲ್ಲಿ ಆರಂಭವಾಗಿ, ಅದೇ ವರ್ಷ ಅಕ್ಟೋಬರ್ ಕೊನೆಗೆ ದೇಶಕ್ಕೆಲ್ಲ ಹರಡಿದ ಮುಖರಹಿತ ಮೌಲ್ಯಮಾಪನ ಪದ್ಧತಿಯಲ್ಲಿ, ಸರಕು ದೇವನಹಳ್ಳಿಯಲ್ಲಿದ್ದರೂ ಅದರ ಆಮದು ಘೋಷಣಾಪತ್ರವಾದ ಬಿಲ್ ಆಫ್ ಎಂಟ್ರಿಯನ್ನು ಪರಿಶೀಲಿಸುವ ಅಧಿಕಾರಿ ಬೇರೆ ಯಾವುದೋ ಊರಿನಲ್ಲಿರಬಹುದು. ಅವರಿಗೆ ನಮ್ಮ ಪೆಟ್ಟಿಗೆಯೂ ಕಾಣುವುದಿಲ್ಲ, ನಮ್ಮ ಮುಖವೂ ಕಾಣುವುದಿಲ್ಲ. ಅಪ್‌ಲೋಡ್ ಆದ ಕಾಗದಗಳು ಮಾತ್ರ ಕಾಣುತ್ತವೆ. ಹಾಗಾಗಿ ನಮ್ಮ ಪರವಾಗಿ ಕಸ್ಟಮ್ಸ್‌ಗೆ ಕಾಗದ ಸಲ್ಲಿಸುವ ಏಜೆಂಟರಿಗೆ ನಾವು ಬರೆಯುವ ಪತ್ರದ ಉದ್ದೇಶ ಸರಕು ಎಲ್ಲಿದೆ ಎಂದು ಕೇಳುವುದಲ್ಲ, ಆ ಅಧಿಕಾರಿಯ ಮುಂದೆ ಯಾವ ಕಾಗದ ಇಲ್ಲ ಎಂಬುದನ್ನು ತಿಳಿಯುವುದು.

ಆಮದು ಸರಕು ನಿಲ್ಲುವ ಜಾಗಗಳು ಮುಖ್ಯವಾಗಿ ಮೂರು. ಮೊದಲನೆಯದು ಬಿಲ್ ಆಫ್ ಎಂಟ್ರಿ ಸಲ್ಲಿಕೆಯಾಗುವ ಮುನ್ನ: ಏಜೆಂಟರಿಗೆ ನಮ್ಮ ಅಧಿಕಾರಪತ್ರ ಸಿಕ್ಕಿಲ್ಲ, ಕೆವೈಸಿ ಬಾಕಿ ಇದೆ, ಅಥವಾ ಬಿಲ್ ಆಫ್ ಎಂಟ್ರಿಯ ಕರಡಾಗಿ ಅವರು ಕಳುಹಿಸಿದ ಚೆಕ್‌ಲಿಸ್ಟಿಗೆ ನಾವು ಒಪ್ಪಿಗೆ ಕೊಟ್ಟಿಲ್ಲ. ಇಲ್ಲಿ ತಡವಾದರೆ ಸಲ್ಲಿಕೆಯ ವಿಳಂಬಕ್ಕೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000 ರೂಪಾಯಿ ಶುಲ್ಕ ಬೀಳುತ್ತದೆ. ಟರ್ಮಿನಲ್‌ನ ದಾಸ್ತಾನು ಬಾಡಿಗೆ ಬೇರೆ. ಎರಡನೆಯದು ಸಲ್ಲಿಕೆಯಾದ ಮೇಲೆ ಅಧಿಕಾರಿ ಕ್ವೆರಿ ಹಾಕಿ ಉತ್ತರಕ್ಕೆ ಕಾಯುತ್ತಿರುವುದು. ಮೂರನೆಯದು ಮೌಲ್ಯಮಾಪನ ಮುಗಿದು ಸುಂಕ ಕಟ್ಟುವುದೋ, ಸರಕಿನ ತಪಾಸಣೆಯೋ ಉಳಿದಿರುವುದು. ನಿಮ್ಮದು ಯಾವ ಜಾಗದಲ್ಲಿದೆ ಎಂಬುದನ್ನು ನೀವೇ ಕಂಡುಕೊಳ್ಳಬಹುದು. ಏಜೆಂಟರಿಂದ ಬಿಲ್ ಆಫ್ ಎಂಟ್ರಿಯ ಏಳು ಅಂಕಿಗಳ ಸಂಖ್ಯೆಯನ್ನೂ ದಿನಾಂಕವನ್ನೂ ಪಡೆದು, ಕಸ್ಟಮ್ಸ್ ಇಲಾಖೆಯ ICEGATE ಜಾಲತಾಣದ ಸಾರ್ವಜನಿಕ ವಿಚಾರಣೆಯ ಪುಟದಲ್ಲಿ ಬೆಂಗಳೂರು ಏರ್ ಕಾರ್ಗೋದ ಸಂಕೇತವಾದ INBLR4 ಜೊತೆಗೆ ನಮೂದಿಸಿದರೆ ಸ್ಥಿತಿ ಕಾಣುತ್ತದೆ. ಕಡಿಮೆ ಮೌಲ್ಯದ ಪಾರ್ಸೆಲ್ ಕೊರಿಯರ್ ಬಿಲ್ ಆಫ್ ಎಂಟ್ರಿಯ ಮೂಲಕ ಬಂದಿದ್ದರೆ ಅದು ಇಲ್ಲಿ ಕಾಣುವುದಿಲ್ಲ, ಅದರ ವ್ಯವಸ್ಥೆ ಬೇರೆ. ನಮ್ಮದು ರಿಪೇರಿಗೆ ಹೋಗಿ ಬಂದದ್ದೆಂದು ಸುಂಕದಲ್ಲಿ ರಿಯಾಯಿತಿ ಕೇಳಿದ ಸರಕಾದ್ದರಿಂದ ಕೊರಿಯರ್ ಕಂಪನಿಯ ಏಜೆಂಟರು ಸಾಮಾನ್ಯ ಬಿಲ್ ಆಫ್ ಎಂಟ್ರಿಯನ್ನೇ ಸಲ್ಲಿಸಿದ್ದರು. ನಾನು ಸಂಖ್ಯೆ ಪಡೆದು ನೋಡಿದಾಗ ಅಲ್ಲಿ ಕ್ವೆರಿ ಬಿದ್ದು ಆಗಲೇ ಮೂರು ದಿನವಾಗಿತ್ತು, ಅದನ್ನು ನಮಗೆ ಯಾರೂ ತಿಳಿಸಿರಲಿಲ್ಲ.

ಆ ಸಂಜೆ ನಾನು ಬರೆದ ಪತ್ರ ಹಿಂದಿನವುಗಳಿಗಿಂತ ಬೇರೆ ರೀತಿಯದಾಗಿತ್ತು. ವಿಷಯದ ಸಾಲಿನಲ್ಲೇ ಏರ್‌ವೇ ಬಿಲ್ ಸಂಖ್ಯೆ, ಬಿಲ್ ಆಫ್ ಎಂಟ್ರಿ ಸಂಖ್ಯೆ ಮತ್ತು ದಿನಾಂಕ, ಕ್ವೆರಿಗೆ ಉತ್ತರ ಬಾಕಿ ಎಂಬ ಮಾತು, ಇಷ್ಟನ್ನೇ ಬರೆದೆ. ಅವರ ಕಚೇರಿಯಲ್ಲಿ ಪತ್ರ ಒಬ್ಬರಿಂದ ಇನ್ನೊಬ್ಬರಿಗೆ ಹೋದಾಗಲೂ ಅದನ್ನು ತೆರೆಯದೆಯೇ ಯಾವ ಸರಕೆಂದು ತಿಳಿಯಬೇಕು ಎಂಬುದು ಕಾರಣ. ಮೊದಲ ಪ್ಯಾರಾದಲ್ಲಿ ಆಮದುದಾರರ ಹೆಸರು, ಆಮದು-ರಫ್ತುದಾರರ ಸಂಕೇತ ಸಂಖ್ಯೆಯಾದ ಐಇಸಿ, ಜಿಎಸ್‌ಟಿ ಸಂಖ್ಯೆ, ಪೆಟ್ಟಿಗೆಗಳ ಸಂಖ್ಯೆ ಒಂದು, ತೂಕ 28 ಕಿಲೋ, ಒಳಗಿರುವುದು ರಿಪೇರಿಯಾಗಿ ಮರಳಿದ ಒಂದು ಸ್ಪಿಂಡಲ್, ಅದರ ಸೀರಿಯಲ್ ಸಂಖ್ಯೆ, ಹೊರಟ ಮತ್ತು ಬಂದ ದಿನಾಂಕಗಳನ್ನು ಕೊಟ್ಟೆ. ಎರಡನೇ ಪ್ಯಾರಾದಲ್ಲಿ ನಾಲ್ಕೇ ಪ್ರಶ್ನೆಗಳನ್ನು ಕೇಳಿದೆ. ಕ್ವೆರಿಯಲ್ಲಿ ಅಧಿಕಾರಿ ಬರೆದ ಮಾತುಗಳು ಅಕ್ಷರಶಃ ಏನು? ಅದು ಬಿದ್ದ ದಿನ ಯಾವುದು? ಅದಕ್ಕೆ ಉತ್ತರ ಸಲ್ಲಿಸಿದ್ದೀರಾ? ಸಲ್ಲಿಸಿದ್ದರೆ ಜೊತೆಗಿಟ್ಟ ದಾಖಲೆಗಳ ಐಆರ್‌ಎನ್ ಯಾವುವು?

ಕೊನೆಯ ಪ್ರಶ್ನೆಯ ಬಗ್ಗೆ ಸ್ವಲ್ಪ ಹೇಳಬೇಕು. ಇ-ಸಂಚಿತ್ ವ್ಯವಸ್ಥೆಯಲ್ಲಿ ದಾಖಲೆಯೊಂದನ್ನು ಅಪ್‌ಲೋಡ್ ಮಾಡಿದಾಗ ಅದಕ್ಕೊಂದು ಐಆರ್‌ಎನ್, ಅಂದರೆ ದಾಖಲೆಯ ಗುರುತಿನ ಸಂಖ್ಯೆ, ಸಿಗುತ್ತದೆ. ಎಲ್ಲ ಹಾಕಿದ್ದೇವೆ ಎಂದು ಏಜೆಂಟರ ಕಚೇರಿಯಲ್ಲಿ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಕಾಗದವನ್ನು ಹಾಕಿರುತ್ತಾರೆ, ಆದರೆ ಕ್ವೆರಿಗೆ ಉತ್ತರವೆಂದು ಸಲ್ಲಿಸಿರುವುದಿಲ್ಲ. ಐಆರ್‌ಎನ್ ಕೇಳಿದರೆ ಅವರೇ ಮತ್ತೆ ಕಡತ ತೆರೆದು ನೋಡುತ್ತಾರೆ. ನಮ್ಮ ವಿಷಯದಲ್ಲೂ ಹಾಗೆಯೇ ಆಯಿತು. ಮರುದಿನ ಬೆಳಿಗ್ಗೆ ಹತ್ತೂವರೆಗೆ ಬಂದ ಉತ್ತರದಲ್ಲಿ ಕ್ವೆರಿಯ ಪೂರ್ಣ ಪಾಠವಿತ್ತು: ರಫ್ತಾದ ವಸ್ತುವೂ ಮರಳಿದ ವಸ್ತುವೂ ಒಂದೇ ಎಂಬುದಕ್ಕೆ ಆಧಾರ ಕೊಡಿ, ರಿಪೇರಿ ವೆಚ್ಚದ ವಿವರ ಕೊಡಿ.

ಈ ಕ್ವೆರಿಗೆ ಕಾರಣ ನಾವು ಕೇಳಿದ್ದ ರಿಯಾಯಿತಿ. 2017ರ 45ನೇ ಕಸ್ಟಮ್ಸ್ ಅಧಿಸೂಚನೆಯ ಪ್ರಕಾರ, ರಿಪೇರಿಗೆಂದು ಹೊರಗೆ ಹೋಗಿ ಮೂರು ವರ್ಷದೊಳಗೆ ಮರಳಿ ಬರುವ ವಸ್ತುವಿಗೆ ಅದರ ಪೂರ್ಣ ಬೆಲೆಯ ಮೇಲಲ್ಲ, ರಿಪೇರಿ ವೆಚ್ಚ ಮತ್ತು ಹೋಗಿ ಬರುವ ಸಾಗಣೆ, ವಿಮೆಯ ವೆಚ್ಚಗಳ ಮೇಲಷ್ಟೇ ಸುಂಕ. ಒಡೆತನ ಬದಲಾಗಿರಬಾರದು, ಮರಳಿದ್ದು ಅದೇ ವಸ್ತುವಾಗಿರಬೇಕು. ಕೆಲವು ತಯಾರಕರು ನಮ್ಮ ಹಳೆಯದನ್ನು ಇಟ್ಟುಕೊಂಡು, ಮೊದಲೇ ಸಿದ್ಧಪಡಿಸಿಟ್ಟ ಬೇರೊಂದನ್ನು ಬದಲಿಗೆ ಕಳುಹಿಸುತ್ತಾರೆ. ಆಗ ಈ ರಿಯಾಯಿತಿ ಸಿಗುವುದಿಲ್ಲ, ಎಷ್ಟು ಪತ್ರ ಬರೆದರೂ ಪ್ರಯೋಜನವಿಲ್ಲ.

ಹಣದ ಲೆಕ್ಕವನ್ನು ಯೂರೋಗೆ 100 ರೂಪಾಯಿಯಂತೆ ಸರಳವಾಗಿ ಹೇಳುತ್ತೇನೆ. ಸ್ಪಿಂಡಲ್‌ನ ಬೆಲೆ 8 ಲಕ್ಷ ರೂಪಾಯಿ, ರಿಪೇರಿ ವೆಚ್ಚ 2,10,000, ಹೋಗಿ ಬರುವ ಸಾಗಣೆ ಮತ್ತು ವಿಮೆ 60,000. ನಮ್ಮ ಬಿಲ್‌ನಲ್ಲಿ ಮೂಲ ಸುಂಕ ಶೇ. 7.5, ಅದರ ಮೇಲೆ ಶೇ. 10ರ ಸಮಾಜ ಕಲ್ಯಾಣ ಸರ್‌ಚಾರ್ಜ್, ಎಲ್ಲ ಸೇರಿದ ಮೊತ್ತದ ಮೇಲೆ ಶೇ. 18ರ ಐಜಿಎಸ್‌ಟಿ ಇತ್ತು, ಒಟ್ಟು ಶೇ. 27.735. ಪೂರ್ಣ ಬೆಲೆಯ ಮೇಲಾದರೆ 2,21,880 ರೂಪಾಯಿ, 2,70,000ದ ಮೇಲಾದರೆ ಸುಮಾರು 74,885 ರೂಪಾಯಿ. ಐಜಿಎಸ್‌ಟಿ ನಮಗೆ ಇನ್‌ಪುಟ್ ಕ್ರೆಡಿಟ್ ಆಗಿ ಮರಳುವುದರಿಂದ ನಿಜವಾದ ವ್ಯತ್ಯಾಸ ಮೂಲ ಸುಂಕ ಮತ್ತು ಸರ್‌ಚಾರ್ಜ್‌ನದು ಮಾತ್ರ: 66,000ಕ್ಕೆ ಎದುರಾಗಿ 22,275. ಯಂತ್ರ ನಿಂತು ಆಗುವ ನಷ್ಟ ಇದಕ್ಕಿಂತ ಹೆಚ್ಚಾಗುವಂತಿದ್ದರೆ ರಿಯಾಯಿತಿಯನ್ನು ಬಿಟ್ಟು ಪೂರ್ಣ ಸುಂಕ ಕಟ್ಟುವುದೂ ಒಂದು ದಾರಿ ಎಂದು ನಾನು ಮಾಲೀಕರ ಮುಂದೆ ಇಟ್ಟಿದ್ದೆ. ಅವರು ಎರಡು ದಿನ ನೋಡೋಣ ಎಂದರು.

ಆಧಾರದ ಕಾಗದಗಳನ್ನು ಜೋಡಿಸಲು ಕುಳಿತಾಗ ತೊಡಕು ಎಲ್ಲಿದೆ ಎಂದು ಗೊತ್ತಾಯಿತು. ನಮ್ಮ ರಫ್ತಿನ ಶಿಪ್ಪಿಂಗ್ ಬಿಲ್‌ನಲ್ಲಿ ರಿಪೇರಿ ಮಾಡಿ ಮರಳಿಸಲು ಎಂಬ ಮಾತೂ ಸೀರಿಯಲ್ ಸಂಖ್ಯೆಯೂ ಸರಿಯಾಗಿದ್ದವು. ಆದರೆ ಜರ್ಮನಿಯಿಂದ ಬಂದ ಇನ್‌ವಾಯ್ಸ್‌ನಲ್ಲಿ ಸೀರಿಯಲ್ ಸಂಖ್ಯೆಯ ಜಾಗದಲ್ಲಿ ಅವರ ವರ್ಕ್‌ಶಾಪಿನ ಜಾಬ್ ಸಂಖ್ಯೆ ಇತ್ತು. ಎರಡೂ ಕಾಗದಗಳನ್ನು ಪಕ್ಕದಲ್ಲಿಟ್ಟು ನೋಡುವ ಅಧಿಕಾರಿಗೆ ಅವು ಎರಡು ಬೇರೆ ವಸ್ತುಗಳೆಂದೇ ಕಾಣಬೇಕು. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ ಆಗಿತ್ತು.

ಆಗ ನೆರವಿಗೆ ಬಂದದ್ದು ಪ್ಯಾಕಿಂಗ್ ದಿನದ ಒಂದು ಫೋಟೋ. ನಮ್ಮ ಹಿರಿಯ ಫಿಟ್ಟರ್, ಪೆಟ್ಟಿಗೆಗೆ ಮೊಳೆ ಹೊಡೆಯುವ ಮುನ್ನ, ಸ್ಪಿಂಡಲ್ ಮೈಮೇಲಿನ ಹೆಸರುಪಟ್ಟಿಯ ಎಣ್ಣೆ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಕೆತ್ತಿದ ಅಂಕಿಗಳ ಮೇಲೆ ಸೀಮೆಸುಣ್ಣ ಉಜ್ಜಿ, ಬಿಳಿಯಾಗಿ ಎದ್ದು ಕಾಣುವಂತೆ ಮಾಡಿ ಮೊಬೈಲಿನಲ್ಲಿ ತೆಗೆದಿದ್ದರು. ಕ್ವೆರಿಯ ಪಾಠ ಕೈಸೇರಿದ ದಿನವೇ ನಾನು ಜರ್ಮನಿಗೆ ಬರೆದು, ಸೀರಿಯಲ್ ಸಂಖ್ಯೆಯನ್ನೂ ಜಾಬ್ ಸಂಖ್ಯೆಯನ್ನೂ ಒಂದೇ ಸಾಲಿನಲ್ಲಿ ತೋರಿಸಿ, ಬದಲಾಯಿಸಿದ ಬೇರಿಂಗ್ ಮತ್ತು ಸೀಲುಗಳ ಬೆಲೆ ಹಾಗೂ ಕೂಲಿಯನ್ನು ಬಿಡಿಸಿ ಬರೆದ ಸಹಿ ಮಾಡಿದ ಪ್ರಮಾಣಪತ್ರವೊಂದನ್ನು ತರಿಸಿಕೊಂಡೆ. ಅದರ ಜೊತೆಗೆ ಶಿಪ್ಪಿಂಗ್ ಬಿಲ್, ರಫ್ತಿನ ಇನ್‌ವಾಯ್ಸ್ ಮತ್ತು ಏರ್‌ವೇ ಬಿಲ್, ಎರಡೂ ದಾರಿಯ ಸಾಗಣೆ ರಸೀದಿಗಳು, ರಿಪೇರಿಯ ಆರ್ಡರ್, ಆ ಫೋಟೋ, ಇವುಗಳನ್ನು ಸೇರಿಸಿದೆ. ಎಲ್ಲವನ್ನೂ ಒಂದೇ ದೊಡ್ಡ ಕಡತವಾಗಿ ಕಳುಹಿಸದೆ, ಪ್ರತಿಯೊಂದಕ್ಕೂ ಅದು ಏನೆಂದು ತಿಳಿಯುವ ಹೆಸರು ಕೊಟ್ಟು, ಯಾವ ಕಾಗದ ಕ್ವೆರಿಯ ಯಾವ ಭಾಗಕ್ಕೆ ಉತ್ತರ ಎಂದು ಪತ್ರದಲ್ಲಿ ಬರೆದೆ. ಏಜೆಂಟರು ಆ ವಾಕ್ಯಗಳನ್ನೇ ಎತ್ತಿ ಉತ್ತರವಾಗಿ ಸಲ್ಲಿಸಲು ಅದರಿಂದ ಅನುಕೂಲವಾಯಿತು. ಪತ್ರದ ಕೊನೆಯಲ್ಲಿ, ಗುರುತಿನ ಬಗ್ಗೆ ಇನ್ನೂ ಸಂಶಯವಿದ್ದರೆ ಪೆಟ್ಟಿಗೆ ತೆರೆಸಿ ಸಂಖ್ಯೆಯನ್ನು ಪರೀಕ್ಷಿಸಲು ನಮ್ಮ ಒಪ್ಪಿಗೆ ಇದೆ ಎಂದೂ ಸೇರಿಸಿದ್ದೆ.

ಮಧ್ಯಾಹ್ನ ಉತ್ತರ ಸಲ್ಲಿಕೆಯಾಗಿ ಐಆರ್‌ಎನ್‌ಗಳು ನನ್ನ ಕೈಸೇರಿದವು. ಮಾರನೆಯ ದಿನ ತಪಾಸಣೆಗೆ ಆದೇಶವಾಯಿತು. ದೇವನಹಳ್ಳಿಯಲ್ಲಿ ಪೆಟ್ಟಿಗೆ ತೆರೆದು ಹೆಸರುಪಟ್ಟಿಯ ಅಂಕಿಗಳನ್ನು ಫೋಟೋದೊಂದಿಗೆ ಹೋಲಿಸಿ ನೋಡಿದರಂತೆ. ರಿಪೇರಿ ವೆಚ್ಚದ ಮೇಲೆಯೇ ಸುಂಕ ನಿಗದಿಯಾಗಿ, ನಾವು ಕಟ್ಟಿದ ನಂತರ ಒಂಬತ್ತನೇ ದಿನ ಸಂಜೆ ಸರಕು ಬಿಡುಗಡೆಯ ಆದೇಶವಾದ ಔಟ್ ಆಫ್ ಚಾರ್ಜ್ ಸಿಕ್ಕಿತು.

ಈಗ ರಿಪೇರಿಗೆ ಏನೇ ಹೊರಟರೂ, ಮರಳುವಾಗಿನ ಇನ್‌ವಾಯ್ಸ್‌ನಲ್ಲಿ ಇದೇ ಸೀರಿಯಲ್ ಸಂಖ್ಯೆ ಇರಬೇಕು, ಬೆಲೆ ಮತ್ತು ರಿಪೇರಿ ವೆಚ್ಚ ಬೇರೆ ಬೇರೆ ಸಾಲಿನಲ್ಲಿರಬೇಕು ಎಂಬ ಎರಡು ವಾಕ್ಯಗಳನ್ನು ಆರ್ಡರಿನಲ್ಲೇ ಅಚ್ಚು ಹಾಕಿಸುತ್ತೇನೆ; ಅವರ ಇನ್‌ವಾಯ್ಸ್‌ನ ಕರಡನ್ನು ನಾನು ನೋಡಿ ಒಪ್ಪಿದ ಮೇಲಷ್ಟೇ ಸರಕು ಅಲ್ಲಿಂದ ಹೊರಡುತ್ತದೆ. ಫಿಟ್ಟರ್ ಜೇಬಿನಲ್ಲಿ ಒಂದು ತುಂಡು ಸೀಮೆಸುಣ್ಣ ಸದಾ ಇರುತ್ತದೆ.