ಏಪ್ರಿಲ್ ತಿಂಗಳ ಒಂದು ಹಾಳೆ

ಮನೆಯವರೆಲ್ಲರ ಮ್ಯೂಚುವಲ್ ಫಂಡ್, ಪಿಪಿಎಫ್, ಠೇವಣಿಗಳ ಮಾರ್ಚ್ 31ರ ಮೌಲ್ಯವನ್ನು ಒಂದೇ ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಆ ಹಣ ಯಾವ ಗುರಿಗೆ, ಯಾವ ವರ್ಷಕ್ಕೆ ಬೇಕೆಂದು ನಮೂದಿಸಿ. ಒಟ್ಟು 20 ಲಕ್ಷದಲ್ಲಿ ಷೇರಿನ ಪಾಲು 12 ಲಕ್ಷವಿರಬೇಕೆಂದು ನಿಶ್ಚಯಿಸಿದ್ದು ಈಗ 14 ಲಕ್ಷವಾಗಿದ್ದರೆ, ಮಾರಿದಾಗ ಲಾಭದ ಮೇಲೆ ತೆರಿಗೆ ಬೀಳಬಹುದಾದ್ದರಿಂದ, ಮೊದಲು ಹೊಸ ಉಳಿತಾಯವನ್ನು ಠೇವಣಿಯ ಕಡೆಗೆ ತಿರುಗಿಸುವುದು ಮೇಲು. ಆದರೆ ಮಗಳ ಕಾಲೇಜು ಶುಲ್ಕ ಎರಡು ವರ್ಷದೊಳಗೆ ಬರುವುದಿದ್ದರೆ ಅಷ್ಟನ್ನು ಮಾರಿಯೇ ತೆಗೆದಿಡಬೇಕು. ಫಂಡಿನ ಹೆಸರಿನಲ್ಲಿ ‘ರೆಗ್ಯುಲರ್’ ಎಂದಿದ್ದರೆ ಅದರ ವೆಚ್ಚವನ್ನು ಮಧ್ಯವರ್ತಿಯ ಕಮಿಷನ್ ಇಲ್ಲದ, ಅದೇ ಫಂಡಿನ ‘ಡೈರೆಕ್ಟ್’ ಯೋಜನೆಯ ವೆಚ್ಚದೊಂದಿಗೆ ಹೋಲಿಸಿ: ಶೇ. 0.8 ವ್ಯತ್ಯಾಸವೆಂದರೂ 14 ಲಕ್ಷಕ್ಕೆ ವರ್ಷಕ್ಕೆ 11,200 ರೂಪಾಯಿ. ಅದೇ ಹಾಳೆಯಲ್ಲಿ ವಿಮೆಗೂ ಒಂದು ಸಾಲು ಇಟ್ಟು, ಕಚೇರಿಯ ಗುಂಪು ವಿಮೆಯನ್ನು ಬೇರೆಯಾಗಿ ಬರೆಯಿರಿ, ಏಕೆಂದರೆ ನೌಕರಿ ಬಿಟ್ಟರೆ ಸಾಮಾನ್ಯವಾಗಿ ಅದೂ ನಿಲ್ಲುತ್ತದೆ; ಅದನ್ನು ಅಳಿಸಿದ ಮೇಲೆ ಉಳಿಯುವ ಮೊತ್ತವೇ ನಿಮ್ಮ ನಿಜವಾದ ರಕ್ಷಣೆ.