15,000 ಮತ್ತು 21,000: ಪಿಎಫ್, ಇಎಸ್‌ಐ ಲೆಕ್ಕವನ್ನು ನಾನು ಹಾಕುವ ರೀತಿ

ನಿವೃತ್ತಿ ಉಳಿತಾಯದ ಪಿಎಫ್‌ಗೂ ತಿಂಗಳ ವೇತನದ ಮಿತಿ ಇದೆ, ಚಿಕಿತ್ಸೆಯ ವಿಮೆಯಾದ ಇಎಸ್‌ಐಗೂ ಮಿತಿ ಇದೆ. ಆದರೆ ಎರಡೂ ಮಿತಿಗಳ ಸ್ವಭಾವ ಬೇರೆ ಬೇರೆ. ಪಿಎಫ್‌ನ 15,000 ಹಣಕ್ಕೆ ಹಾಕಿದ ಮಿತಿ. ಸಂಬಳ ಅದನ್ನು ದಾಟಿದರೂ ಸದಸ್ಯ ಹೊರಗೆ ಹೋಗುವುದಿಲ್ಲ, ಕೆಲವು ಖಾತೆಗಳಿಗೆ ಕಟ್ಟುವ ಮೊತ್ತ ಮಾತ್ರ ಅಲ್ಲಿಗೆ ನಿಲ್ಲುತ್ತದೆ. ಇಎಸ್‌ಐನ 21,000 ವ್ಯಕ್ತಿಗೆ ಹಾಕಿದ ಮಿತಿ. ಅದು ಯಾರು ಒಳಗೆ, ಯಾರು ಹೊರಗೆ ಎಂದಷ್ಟೇ ಹೇಳುತ್ತದೆ. ಒಳಗಿರುವವರು ಪೂರ್ತಿ ಸಂಬಳದ ಮೇಲೆ ಕಟ್ಟಬೇಕು. ಸಂಬಳದ ಶೀಟ್‌ಗಳಲ್ಲಿ ನಾನು ಕಾಣುವ ಹೆಚ್ಚಿನ ಎಡವಟ್ಟುಗಳು ಒಂದರ ನಿಯಮವನ್ನು ಇನ್ನೊಂದಕ್ಕೆ ಹಾಕಿದ್ದರಿಂದಲೇ ಆದವು.

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಒಂದು ಯಂತ್ರಭಾಗಗಳ ಘಟಕ, ಅಲ್ಲಿನ ಒಬ್ಬ ಸಿಎನ್‌ಸಿ ಆಪರೇಟರ್ ಎಂದು ಇಟ್ಟುಕೊಳ್ಳೋಣ. ಲೆಕ್ಕ 2025ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನದು, ದರಗಳೂ ಆಗಿನವೇ. ಬೇಸಿಕ್ ಮತ್ತು ತುಟ್ಟಿಭತ್ಯೆ ಸೇರಿ 14,800, ಮನೆ ಬಾಡಿಗೆ ಭತ್ಯೆ 3,000, ಎಲ್ಲ ಆಪರೇಟರ್‌ಗಳಿಗೂ ಒಂದೇ ಸಮನಾಗಿ ಕೊಡುವ ವಿಶೇಷ ಭತ್ಯೆ 1,500. ಒಟ್ಟು 19,300. ಹಳೆಯ ಪಿಎಫ್ ಸದಸ್ಯ, ಪಿಂಚಣಿ ಯೋಜನೆಯಲ್ಲೂ ಇದ್ದಾರೆ.

ಶೇಕಡಾವಾರು ಲೆಕ್ಕಕ್ಕೆ ಕೈ ಹಾಕುವ ಮೊದಲು ನಾನು ಎರಡು ಕಾಲಂ ಮಾಡಿಕೊಳ್ಳುತ್ತೇನೆ: ಪಿಎಫ್ ವೇತನ, ಇಎಸ್‌ಐ ವೇತನ. ಪಿಎಫ್‌ಗೆ ಬೇಸಿಕ್, ತುಟ್ಟಿಭತ್ಯೆ ಬರುತ್ತವೆ. ಮನೆ ಬಾಡಿಗೆ ಭತ್ಯೆ, ಹೆಚ್ಚುವರಿ ಹೊತ್ತಿನ ಕೆಲಸಕ್ಕೆ ಕೊಡುವ ಓಟಿ, ಬೋನಸ್ ಬರುವುದಿಲ್ಲ. ವಿಶೇಷ ಭತ್ಯೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2019ರ ಫೆಬ್ರವರಿ 28ರಂದು ತೀರ್ಪು ಕೊಟ್ಟಿದೆ. ಎಲ್ಲರಿಗೂ ಸಮನಾಗಿ, ಖಾಯಂ ಆಗಿ ಕೊಡುವ ಭತ್ಯೆಗೆ ಏನೇ ಹೆಸರಿಟ್ಟರೂ ಅದು ಮೂಲ ವೇತನದ ಭಾಗವೇ. ಹಾಗಾಗಿ ಈ ಆಪರೇಟರ್‌ನ ಪಿಎಫ್ ವೇತನ 14,800 ಅಲ್ಲ, 16,300. ಇಎಸ್‌ಐ ವೇತನಕ್ಕೆ ಆ ಅವಧಿಯ ನಿಯಮದಂತೆ ಮನೆ ಬಾಡಿಗೆ ಭತ್ಯೆಯೂ ಸೇರುತ್ತದೆ. ಅದು 19,300.

ಈಗ ಪಿಎಫ್. ಈ ಘಟಕ ಪೂರ್ತಿ ವೇತನದ ಮೇಲೆ ಕಟ್ಟುತ್ತದೆ. ನೌಕರನ ಪಾಲು 16,300ರ ಶೇ. 12, ಅಂದರೆ 1,956. ಮಾಲೀಕರ ಪಾಲೂ 1,956, ಆದರೆ ಅದು ಎರಡಾಗಿ ಒಡೆಯುತ್ತದೆ. ಮೊದಲು ಪಿಂಚಣಿಗೆ ಶೇ. 8.33. ಇದಕ್ಕೆ 2014ರ ಸೆಪ್ಟೆಂಬರ್ 1ರಿಂದ 15,000ದ ಮಿತಿ ಇದೆ, ಆದ್ದರಿಂದ 1,249.50, ಹತ್ತಿರದ ರೂಪಾಯಿಗೆ 1,250. ಮಿಕ್ಕ 706 ನೌಕರನ ಪಿಎಫ್ ಖಾತೆಗೆ.

ಇಲ್ಲಿ 'ಮಿಕ್ಕ' ಎಂಬುದೇ ಮುಖ್ಯ. ಪಿಂಚಣಿಗೆ 8.33, ಪಿಎಫ್‌ಗೆ 3.67 ಎಂದು ಬಾಯಿಪಾಠ ಮಾಡಿಕೊಂಡವರು 16,300ರ ಶೇ. 3.67 ತೆಗೆದು 598 ಹಾಕುತ್ತಾರೆ. 1,250ಕ್ಕೆ 598 ಕೂಡಿಸಿದರೆ 1,848. ಕಟ್ಟಬೇಕಾದ್ದು 1,956. ತಿಂಗಳಿಗೆ 108 ರೂಪಾಯಿ ಮಾಯ! ವೇತನ 15,000ದ ಒಳಗಿದ್ದಾಗ 3.67 ಸರಿಯಾಗೇ ಬರುತ್ತದೆ, ಅದಕ್ಕೇ ಈ ತಪ್ಪು ವರ್ಷಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ. ಯಾರಿಗೋ ಸಂಬಳ ಏರಿ ಮಿತಿ ದಾಟಿದ ತಿಂಗಳು ವ್ಯತ್ಯಾಸ ಶುರುವಾಗುತ್ತದೆ. ನನ್ನ ಶೀಟಿನಲ್ಲಿ 3.67 ಎಂಬ ಸಂಖ್ಯೆಯೇ ಇಲ್ಲ. ಪಿಂಚಣಿ ಯೋಜನೆಯಲ್ಲಿ ಇರುವವರ ಸೂತ್ರ ಹೀಗೆ; PFW ಪಿಎಫ್ ವೇತನ, ESIW ಇಎಸ್‌ಐ ವೇತನ, EE ನೌಕರನ ಪಿಎಫ್ ಪಾಲು, EPS ಪಿಂಚಣಿ, DIFF ಮಿಕ್ಕಿದ್ದು, ESI ನೌಕರನ ಇಎಸ್‌ಐ ಪಾಲು:

```
EE  = ROUND(PFW*12%,0)
EPS = ROUND(MIN(PFW,15000)*8.33%,0)
DIFF = EE-EPS
ESI = ROUNDUP(ROUND(ESIW*0.75%,2),0)
```

ಮಾಲೀಕರು ತಮ್ಮ ಪಾಲನ್ನು 15,000ಕ್ಕೇ ನಿಲ್ಲಿಸುವ ಘಟಕಗಳೂ ಬಹಳ. ಕಾನೂನು ಅದಕ್ಕೆ ಅಡ್ಡ ಬರುವುದಿಲ್ಲ. ಅಲ್ಲಿ ಮಾಲೀಕರ ಒಟ್ಟು ಪಾಲು 1,800, ಪಿಂಚಣಿಗೆ 1,250 ಹೋಗಿ ಪಿಎಫ್‌ಗೆ 550. ನೌಕರ ತನ್ನಿಚ್ಛೆಯಿಂದ ಹೆಚ್ಚು ಕಟ್ಟಿದರೂ ಈ 550 ಬದಲಾಗದು. ಆಗ ಮೂರನೆಯ ಸಾಲಿನಲ್ಲಿ `EE` ಬದಲು `ROUND(MIN(PFW,15000)*12%,0)` ಇಡಬೇಕು. (ಕರಾವಳಿಯವರಿಗೆ ಒಂದು ಮಾತು: ಬೀಡಿ ಉದ್ಯಮಕ್ಕೆ ದರ ಶೇ. 12 ಅಲ್ಲ, 10. ಬೇರೆ ಕಾರ್ಖಾನೆಯ ಶೀಟನ್ನು ಹಾಗೇ ನಕಲು ಮಾಡಿಕೊಂಡರೆ ಮೊದಲ ಸಾಲೇ ತಪ್ಪುತ್ತದೆ.)

ಇದರ ಮೇಲೆ ಮಾಲೀಕರಿಗೆ ಇನ್ನೆರಡು ಖರ್ಚು. ಪಿಎಫ್ ಜೊತೆಗೇ ಬರುವ ವಿಮಾ ಯೋಜನೆಗೆ ಶೇ. 0.5, ಇದಕ್ಕೂ 15,000ದ ಮಿತಿ ಇರುವುದರಿಂದ 75 ರೂಪಾಯಿ. ಆಡಳಿತ ಶುಲ್ಕವೂ ಶೇ. 0.5, ಆದರೆ ಅದಕ್ಕೆ ಮಿತಿ ಇಲ್ಲ. ಇಡೀ ಘಟಕದ ಒಟ್ಟು ಪಿಎಫ್ ವೇತನದ ಮೇಲೆ ಲೆಕ್ಕ, ಕನಿಷ್ಠ 500. ಒಟ್ಟು ಪಿಎಫ್ ವೇತನ ಒಂದು ಲಕ್ಷಕ್ಕಿಂತ ಕಡಿಮೆ ಇರುವ ಸಣ್ಣ ಘಟಕಕ್ಕೆ ಹೇಗೂ 500 ಬಿದ್ದೇ ಬೀಳುತ್ತದೆ.

ಸಂಬಳವಿಲ್ಲದ ರಜೆ ಬಂದಾಗ ಮಿತಿಯನ್ನು ಏನು ಮಾಡಬೇಕು ಎಂದು ಬಹಳ ಜನ ಕೇಳುತ್ತಾರೆ. ಏನೂ ಮಾಡಬಾರದು. 31 ದಿನದ ತಿಂಗಳಲ್ಲಿ ಇದೇ ಆಪರೇಟರ್ 5 ದಿನ ಬರಲಿಲ್ಲ ಎನ್ನಿ. ದುಡಿದ ಪಿಎಫ್ ವೇತನ 13,671. ನೌಕರನ ಪಾಲು 1,641, ಪಿಂಚಣಿಗೆ 1,139, ಮಿಕ್ಕಿದ್ದು 502. ಕೆಲವು ಸಾಫ್ಟ್‌ವೇರ್‌ಗಳು 15,000ವನ್ನೂ 26/31ಕ್ಕೆ ಇಳಿಸಿ, 12,581ರ ಮೇಲೆ ಪಿಂಚಣಿ ತೆಗೆದು 1,048 ತೋರಿಸುತ್ತವೆ. ಮಿತಿ ತಿಂಗಳಿಗೆ ಹೇಳಿದ್ದು, ಹಾಜರಿ ದಿನಗಳಿಗೆ ಅಲ್ಲ. ಇದನ್ನು ಹಿಡಿಯುವುದು ಸುಲಭ: ಪಿಎಫ್ ವೇತನ 15,000ಕ್ಕಿಂತ ಕಡಿಮೆ ಇರುವ ಸಾಲಿನಲ್ಲಿ ಪಿಂಚಣಿ ವೇತನ ಅದಕ್ಕೆ ಸಮನಾಗಿಯೇ ಇರಬೇಕು, ಇಲ್ಲವೇ ಸೊನ್ನೆ ಇರಬೇಕು. ಮೂರನೆಯದು ಏನೇ ಕಂಡರೂ ಗಡಬಡ ಇದೆ ಎಂದೇ ಅರ್ಥ.

ಸೊನ್ನೆ ಯಾವಾಗ? 58 ವರ್ಷ ತುಂಬಿದವರಿಗೆ, ಮತ್ತು 2014ರ ಸೆಪ್ಟೆಂಬರ್ 1ರಿಂದ ಈಚೆಗೆ ಮೊದಲ ಸಲ ಪಿಎಫ್‌ಗೆ ಸೇರುವಾಗಲೇ 15,000ಕ್ಕಿಂತ ಹೆಚ್ಚು ವೇತನ ಇದ್ದವರಿಗೆ. ಅವರ ಹೆಸರಲ್ಲಿ ಪಿಂಚಣಿಗೆ ಒಂದು ರೂಪಾಯಿಯೂ ಹೋಗಬಾರದು, ಮಾಲೀಕರ ಪಾಲು ಪೂರ್ತಿ ಪಿಎಫ್‌ಗೇ. ಎಲ್ಲರಿಗೂ ಕಣ್ಣುಮುಚ್ಚಿ 1,250 ಹಾಕುವ ಶೀಟಿನಿಂದ ಆಗುವ ತೊಂದರೆ ಆ ತಿಂಗಳು ಗೊತ್ತಾಗುವುದಿಲ್ಲ. ಆ ನೌಕರ ಕೆಲಸ ಬಿಟ್ಟು ಹಣಕ್ಕೆ ಅರ್ಜಿ ಹಾಕಿದಾಗ ಗಂಟು ಬೀಳುತ್ತದೆ. ಸೇರುವ ದಿನವೇ, ಹೊಸ ನೌಕರ ತುಂಬಿಕೊಡುವ ಫಾರಂ 11ರಲ್ಲಿ ಹಿಂದೆ ಪಿಂಚಣಿ ಯೋಜನೆಯ ಸದಸ್ಯರಾಗಿದ್ದರೇ ಎಂಬ ಉತ್ತರವನ್ನು ನೋಡಿ, ಹೌದು ಅಥವಾ ಇಲ್ಲ ಎಂದು ಶೀಟಿನ ಒಂದು ಕಾಲಂಗೆ ತುಂಬುತ್ತೇನೆ. ಸೂತ್ರ ಅದನ್ನು ನೋಡಿಯೇ ಮುಂದೆ ಹೋಗುತ್ತದೆ.

ಇಎಸ್‌ಐಗೆ ಬರೋಣ. 2019ರ ಜುಲೈ 1ರಿಂದ ನೌಕರನ ಪಾಲು ಶೇ. 0.75, ಮಾಲೀಕರದ್ದು 3.25. ನಮ್ಮ ಆಪರೇಟರ್‌ನ ಸಂಬಳ 19,300, ಅಂದರೆ 21,000ದ ಒಳಗೆ. ಪಾಲು 144.75, ಕಡಿತ 145. ಇಎಸ್‌ಐನಲ್ಲಿ ಪೈಸೆ ಯಾವಾಗಲೂ ಮೇಲಿನ ರೂಪಾಯಿಗೇ ಹೋಗುತ್ತದೆ, 144.05 ಬಂದರೂ 145. ಮಾಲೀಕರ ಪಾಲನ್ನು ಮಾತ್ರ ಪೋರ್ಟಲ್ ಒಬ್ಬೊಬ್ಬರಿಗೂ ತೆಗೆಯದೆ ಒಟ್ಟು ವೇತನದ ಮೇಲೆ ಒಂದೇ ಸಲ ತೆಗೆಯುತ್ತದೆ. ಪ್ರತಿ ಸಾಲಿನಲ್ಲೂ 3.25 ಹಾಕಿ, ಮೇಲಕ್ಕೆ ಏರಿಸಿ ಕೂಡಿಸಿದವರ ಶೀಟಿಗೂ ಚಲನ್‌ಗೂ ಒಂದಿಷ್ಟು ರೂಪಾಯಿ ತಾಳೆಯಾಗದಿರುವುದು ಇದಕ್ಕೇ.

ಜೂನ್‌ನಲ್ಲಿ ಆತನಿಗೆ 2,400 ಓಟಿ ಬಂತು, ಒಟ್ಟು 21,700. ಮಿತಿ ದಾಟಿತೆಂದು ಹೆಸರು ತೆಗೆಯುವಂತಿಲ್ಲ. ಒಳಗೋ ಹೊರಗೋ ಎಂದು ನೋಡುವಾಗ ಓಟಿಯನ್ನು ಬಿಡಬೇಕು, ವಂತಿಗೆ ಕಟ್ಟುವಾಗ ಸೇರಿಸಬೇಕು. ಕಡಿತ 21,700ರ ಮೇಲೆ 162.75, ಅಂದರೆ 163. ಪಿಎಫ್ ಕಾಲಂ ಮಾತ್ರ ಆ ತಿಂಗಳೂ ಅಲ್ಲಾಡುವುದಿಲ್ಲ.

ಆಗಸ್ಟ್‌ನಲ್ಲಿ ಸಂಬಳ ಏರಿತು: ಬೇಸಿಕ್, ತುಟ್ಟಿಭತ್ಯೆ ಸೇರಿ 16,800, ಮನೆ ಬಾಡಿಗೆ 3,400, ವಿಶೇಷ ಭತ್ಯೆ 1,500. ಈಗ ಓಟಿ ಇಲ್ಲದೆಯೇ 21,700. ಆದರೂ ಆಗಸ್ಟ್, ಸೆಪ್ಟೆಂಬರ್ ಎರಡೂ ತಿಂಗಳು ಕಟ್ಟಲೇಬೇಕು. ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್ ಎಂಬ ಎರಡು ವಂತಿಗೆ ಅವಧಿಗಳಿವೆ. ಅವಧಿಯ ಶುರುವಿನಲ್ಲಿ ಒಳಗಿದ್ದವರು ಅದು ಮುಗಿಯುವವರೆಗೂ ಒಳಗೇ. ಪಿಎಫ್ ಅಭ್ಯಾಸ ಕೈಗೆ ಹತ್ತಿದವರು ಇಲ್ಲಿ 21,000ಕ್ಕೆ ನಿಲ್ಲಿಸಿ 158 ಕಡಿಯುತ್ತಾರೆ. ಅದು ತಪ್ಪು, 21,700ಕ್ಕೆ 163 ಆಗಬೇಕು. ಅದೇ ಆಗಸ್ಟ್‌ನ ಪಿಎಫ್ ವೇತನ 18,300, ಪ್ರತಿ ತಿಂಗಳು ಪಿಎಫ್ ಪೋರ್ಟಲ್‌ಗೆ ಹಾಕುವ ಇಸಿಆರ್ ಕಡತದಲ್ಲಿ ಆತನ ಸಾಲು ಹೀಗೆ:

```
UAN#~#NAME#~#21700#~#18300#~#15000#~#15000#~#2196#~#1250#~#946#~#0#~#0
```

ಸದಸ್ಯನ ಪಿಎಫ್ ಸಂಖ್ಯೆಯಾದ UAN, ಹೆಸರು, ಒಟ್ಟು ಸಂಬಳ, ಪಿಎಫ್ ವೇತನ, ಪಿಂಚಣಿ ವೇತನ, ವಿಮಾ ವೇತನ, ನೌಕರನ ಪಾಲು, ಪಿಂಚಣಿ, ಮಿಕ್ಕಿದ್ದು, ಸಂಬಳವಿಲ್ಲದ ದಿನ, ಮುಂಗಡ ವಾಪಸು ಎಂಬ ಅನುಕ್ರಮ.

ಅಕ್ಟೋಬರ್‌ನಿಂದ ಆತ ಇಎಸ್‌ಐ ಹೊರಗೆ. ಬರೇ ಸೊನ್ನೆ ವೇತನ ತುಂಬಿ ಬಿಡದೆ ಕಾರಣದ ಜಾಗದಲ್ಲಿ `Out of Coverage` ಆರಿಸಬೇಕು. ಕಾರ್ಡ್ ಬಿಸಾಡಬೇಡಿ ಎಂದು ನೌಕರರಿಗೆ ಹೇಳುವುದೂ ನಮ್ಮ ಕೆಲಸವೇ: ಏಪ್ರಿಲ್–ಸೆಪ್ಟೆಂಬರ್‌ನಲ್ಲಿ ಕಟ್ಟಿದ್ದಕ್ಕೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯದ ಅವಧಿ.

ತಿಂಗಳ ಮಧ್ಯೆ ಸೇರುವವರ ವಿಷಯದಲ್ಲಿ ಕೈಗೆ ಬಂದ ಹಣ ನೋಡಬಾರದು. ತಿಂಗಳಿಗೆ 24,000ಕ್ಕೆ ಒಪ್ಪಿ 16ನೇ ತಾರೀಕು ಸೇರಿದವರ ಕೈಗೆ ಆ ತಿಂಗಳು 12,000 ಬಂದರೂ ಅವರು ಇಎಸ್‌ಐಗೆ ಬರುವುದಿಲ್ಲ. ನೋಡಬೇಕಾದ್ದು ಪೂರ್ತಿ ತಿಂಗಳ ದರ.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಮೇಲಿನ ಸೂತ್ರಗಳು ಹಾಗೇ ಉಳಿಯುತ್ತವೆ, ಬದಲಾದದ್ದು ವೇತನದ ಅರ್ಥ. ಮನೆ ಬಾಡಿಗೆ ಭತ್ಯೆ, ಓಟಿ, ಪ್ರಯಾಣ ಭತ್ಯೆಯಂಥವು ಹೊರಗಿಡುವ ಪಟ್ಟಿಯಲ್ಲಿವೆ. ಹೀಗೆ ಹೊರಗಿಟ್ಟವು ಒಟ್ಟು ಪಾವತಿಯ ಅರ್ಧ ದಾಟಿದರೆ, ದಾಟಿದ ಭಾಗ ಮತ್ತೆ ವೇತನಕ್ಕೆ ಸೇರುತ್ತದೆ. ನಮ್ಮ ಆಪರೇಟರ್‌ಗೆ ಹೊರಗಿರುವುದು 21,700ರಲ್ಲಿ 3,400 ಮಾತ್ರ, ಹಾಗಾಗಿ ಪಿಎಫ್ ವೇತನ 18,300ರಲ್ಲೇ ನಿಲ್ಲುತ್ತದೆ. ಆದರೆ ಸಂಹಿತೆಯ ಪದಗಳಂತೆ ಇಎಸ್‌ಐಗೂ ಅದೇ 18,300 ಅಳತೆಗೋಲು, ಮತ್ತು ಅದು 21,000ದ ಒಳಗಿದೆ. ಅಕ್ಟೋಬರ್‌ನಲ್ಲಿ ಹೊರಗೆ ಹೋದ ಇಂಥವರ ಪಟ್ಟಿಯನ್ನು ಬೇರೆ ಎತ್ತಿಟ್ಟುಕೊಂಡು, ಇಎಸ್‌ಐ ನಿಗಮದ ಇತ್ತೀಚಿನ ಸುತ್ತೋಲೆಯ ಜೊತೆ ಇಟ್ಟು ನೋಡಿಯೇ ಮುಂದಿನ ಚಲನ್ ತೆಗೆಯಬೇಕು.