ಇನ್ಸುಲಿನ್ ಪ್ರಶ್ನೆಯಲ್ಲಿ ಮೊದಲು ಗಡಿಯಾರ ನೋಡಿ

ದಾವಣಗೆರೆಯಲ್ಲಿ ನರ್ಸಿಂಗ್, ಫಾರ್ಮಸಿ ಓದುವ ಮಕ್ಕಳಿಗೆ ಇನ್ಸುಲಿನ್ ಪಟ್ಟಿ ಬಾಯಿಪಾಠ ಇರುತ್ತದೆ. ಯಾವುದು ಎಷ್ಟು ಹೊತ್ತಿಗೆ ಶುರು, ಯಾವಾಗ ಪೀಕ್, ಯಾವಾಗ ಮುಗಿಯುತ್ತದೆ ಎಂದರೆ ಥಟ್ಟನೆ ಹೇಳುತ್ತಾರೆ. ಅದನ್ನೇ ಒಬ್ಬ ರೋಗಿಯ ಪ್ರಶ್ನೆಯಾಗಿ ಕೊಟ್ಟರೆ ತಪ್ಪುತ್ತಾರೆ. ಪಟ್ಟಿಯಲ್ಲಿರುವ ಗಂಟೆಯನ್ನು ಗೋಡೆ ಗಡಿಯಾರದ ಹೊತ್ತಿಗೆ ಕೂಡಿಸಿ ನೋಡುವುದಿಲ್ಲ, ಅಷ್ಟೇ.

ಹೆಜ್ಜೆ 1: ನಾಲ್ಕು ಗುಂಪು ಸಾಕು

ಲಿಸ್‌ಪ್ರೋ, ಆಸ್ಪಾರ್ಟ್: 15 ನಿಮಿಷಕ್ಕೆ ಶುರು, 1ರಿಂದ 2 ಗಂಟೆಗೆ ಪೀಕ್, 3ರಿಂದ 5 ಗಂಟೆ ಕೆಲಸ. ರೆಗ್ಯುಲರ್: ಅರ್ಧ ಗಂಟೆಗೆ ಶುರು, 2ರಿಂದ 4 ಗಂಟೆಗೆ ಪೀಕ್, 5ರಿಂದ 8 ಗಂಟೆ ಕೆಲಸ. ಎನ್‌ಪಿಎಚ್: 1ರಿಂದ 2 ಗಂಟೆಗೆ ಶುರು, 4ರಿಂದ 12 ಗಂಟೆಯೊಳಗೆ ಪೀಕ್, ಸುಮಾರು 12ರಿಂದ 18 ಗಂಟೆ ಕೆಲಸ. ಗ್ಲಾರ್ಜಿನ್: ನಿಧಾನವಾಗಿ ಶುರು, ಎದ್ದು ಕಾಣುವ ಪೀಕ್ ಇಲ್ಲ, ಸುಮಾರು 24 ಗಂಟೆ.

ಒಂದೊಂದು ಪುಸ್ತಕ ಒಂದೊಂದು ಅಂಕಿ ಕೊಡುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಎನ್‌ಪಿಎಚ್‌ಗೆ ಪೀಕ್ 6ರಿಂದ 8 ಗಂಟೆಗೆ ಎಂದು ನೆನಪಿಟ್ಟರೆ ಹೆಚ್ಚಿನ ಪ್ರಶ್ನೆ ಬಿಡಿಸಬಹುದು. ಲೆಂಟೆ, ಅಲ್ಟ್ರಾಲೆಂಟೆ ಇನ್ನೂ ಪಟ್ಟಿಯಲ್ಲಿರುವ ಹಳೆ ಗೈಡ್ ಮಾತ್ರ ಕೊಳ್ಳಲೇಬೇಡಿ. ಅವು ಬಳಕೆಯಿಂದ ಹೋಗಿವೆ.

ಹೆಜ್ಜೆ 2: ಸೂಜಿ ಚುಚ್ಚಿದ ಹೊತ್ತಿಗೆ ಪೀಕ್ ಕೂಡಿಸಿ

ಇಲ್ಲಿ ಅವಸರ ಬೇಡ. ಒಂದು ಪ್ರಶ್ನೆ ನೋಡೋಣ.

ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ 52 ವರ್ಷದ ವ್ಯಕ್ತಿ. ಬೆಳಿಗ್ಗೆ 7:30ಕ್ಕೆ 30/70 ಹ್ಯೂಮನ್ ಮಿಕ್ಸ್ ಇನ್ಸುಲಿನ್ ತೆಗೆದುಕೊಂಡು, 8ಕ್ಕೆ ತಿಂಡಿ ತಿಂದಿದ್ದಾರೆ. ಕೆಲಸ ಜಾಸ್ತಿ ಇದ್ದು ಮಧ್ಯಾಹ್ನ ಊಟ ಬಿಟ್ಟಿದ್ದಾರೆ. 2:30ಕ್ಕೆ ಮೈ ಬೆವರಿದೆ, ಕೈ ನಡುಗುತ್ತಿದೆ, ಸಕ್ಕರೆ 48. ಕಾರಣ ಯಾವ ಇನ್ಸುಲಿನ್?

ಬಹಳ ಮಂದಿ ರೆಗ್ಯುಲರ್ ಎಂದು ಗುರುತು ಹಾಕುತ್ತಾರೆ. ಸಕ್ಕರೆ ದಿಢೀರ್ ಬಿದ್ದಿದೆ, ಹಾಗಾಗಿ ಬೇಗ ಕೆಲಸ ಮಾಡುವ ಇನ್ಸುಲಿನ್ನೇ ಕಾರಣ ಎಂಬ ಲೆಕ್ಕ ಅದು. ಹೊತ್ತನ್ನು ಕೂಡಿಸಿ ನೋಡಿ. ಈ ಮಿಕ್ಸ್‌ನಲ್ಲಿ 30 ಭಾಗ ರೆಗ್ಯುಲರ್, 70 ಭಾಗ ಎನ್‌ಪಿಎಚ್. ರೆಗ್ಯುಲರ್‌ನ ಪೀಕ್ 9:30ರಿಂದ 11:30ರೊಳಗೆ. ಆಗ ತಿಂಡಿ ಹೊಟ್ಟೆಯಲ್ಲಿತ್ತು, ಏನೂ ಆಗಲಿಲ್ಲ. 2:30 ಎಂದರೆ ಚುಚ್ಚಿ 7 ಗಂಟೆ. ಅದು ಎನ್‌ಪಿಎಚ್‌ನ ಪೀಕ್. ಉತ್ತರ ಎನ್‌ಪಿಎಚ್.

ಏಕೆ ಇಷ್ಟು ತಡ? ಎನ್‌ಪಿಎಚ್‌ನಲ್ಲಿ ಇನ್ಸುಲಿನ್ ಅನ್ನು ಪ್ರೋಟಮಿನ್ ಎಂಬ ಪ್ರೋಟೀನ್ ಜೊತೆ ಸೇರಿಸಿರುತ್ತಾರೆ. ಚರ್ಮದ ಕೆಳಗೆ ಅದು ನಿಧಾನವಾಗಿ ಬಿಡಿಸಿಕೊಂಡು ರಕ್ತಕ್ಕೆ ಸೇರುತ್ತದೆ. ಬೆಳಿಗ್ಗೆ ಎನ್‌ಪಿಎಚ್ ತೆಗೆದುಕೊಂಡವರು ಮಧ್ಯಾಹ್ನದ ಊಟ ಬಿಡಬಾರದು ಎನ್ನುವುದು ಇದಕ್ಕೇ. ಭಟ್ಟಿಯ ಬಿಸಿ ಮತ್ತು ಮೈ ದುಡಿತ ಇನ್ಸುಲಿನ್ ಹೀರುವಿಕೆಯನ್ನು ಇನ್ನಷ್ಟು ಜೋರು ಮಾಡುತ್ತವೆ. ಪ್ರಶ್ನೆಯಲ್ಲಿ ಕೆಲಸದ ವಿವರ ಇದ್ದರೆ ಸುಮ್ನೆ ಬಿಡಬೇಡಿ.

ಮುಂದಿನ ಪ್ರಶ್ನೆ ಸಾಮಾನ್ಯವಾಗಿ "ಈಗ ಏನು ಮಾಡುತ್ತೀರಿ?" ಎಂಬುದು. ಎಚ್ಚರ ಇದ್ದು ನುಂಗಬಲ್ಲರು ಎಂದಾದರೆ 15 ಗ್ರಾಂ ಸಕ್ಕರೆ, 15 ನಿಮಿಷದ ನಂತರ ಮತ್ತೆ ಪರೀಕ್ಷೆ. ಸಕ್ಕರೆ ಏರಿತು ಎಂದು ಅಲ್ಲಿಗೆ ನಿಲ್ಲಿಸಬಾರದು. ಎನ್‌ಪಿಎಚ್ ಸಂಜೆವರೆಗೂ ಕೆಲಸ ಮಾಡುತ್ತಿರುತ್ತದೆ, ಬರೀ ಸಕ್ಕರೆ ಅಷ್ಟು ಹೊತ್ತು ತಡೆಯುವುದಿಲ್ಲ. ಮುದ್ದೆಯೋ ಅನ್ನವೋ, ಊಟ ಕೊಡಲೇಬೇಕು.

ಹೆಜ್ಜೆ 3: ರಾತ್ರಿಯ ಲೆಕ್ಕವೂ ಹಾಗೇ

ರಾತ್ರಿ 8ಕ್ಕೆ ಎನ್‌ಪಿಎಚ್ ಕೊಟ್ಟರೆ, ಪೀಕ್ 2ರಿಂದ 4 ಗಂಟೆ ರಾತ್ರಿ. ಬೆಳಿಗ್ಗೆ ಸಕ್ಕರೆ ಜಾಸ್ತಿ ಇದೆ ಎಂದ ಕೂಡಲೇ ಡೋಸ್ ಏರಿಸುವ ಆಯ್ಕೆಗೆ ಹೋಗಬೇಡಿ. ಮೊದಲು ರಾತ್ರಿ 3ಕ್ಕೆ ಸಕ್ಕರೆ ನೋಡಬೇಕು. ಅಲ್ಲಿ ಕಡಿಮೆ ಇದ್ದರೆ ಎನ್‌ಪಿಎಚ್ ತಗ್ಗಿಸುವುದು, ಇಲ್ಲವೇ ಮಲಗುವ ಹೊತ್ತಿಗೆ ಮುಂದೂಡುವುದು ಸರಿ. ಸರಿಯಾಗಿಯೋ ಜಾಸ್ತಿಯೋ ಇದ್ದರೆ ಬೆಳಗಿನ ಜಾವ ಹಾರ್ಮೋನುಗಳು ಏರಿಸಿದ ಸಕ್ಕರೆ ಅದು, ಇಲ್ಲವೇ ಇನ್ಸುಲಿನ್ ಸಾಲುತ್ತಿಲ್ಲ.

ಹೆಜ್ಜೆ 4: ಉಳಿದವು

ಕೀಟೋ ಆಸಿಡೋಸಿಸ್, ರಕ್ತನಾಳದ ಡ್ರಿಪ್ ಎಂದು ಕೇಳಿದರೆ ರೆಗ್ಯುಲರ್. ಊಟ ತಟ್ಟೆಗೆ ಬಂದ ಮೇಲೆ ಚುಚ್ಚಬೇಕು ಎಂದರೆ ಲಿಸ್‌ಪ್ರೋ ಅಥವಾ ಆಸ್ಪಾರ್ಟ್. ಪೀಕ್ ಬೇಡ, ದಿನಕ್ಕೊಮ್ಮೆ ಸಾಕು ಎಂದರೆ ಗ್ಲಾರ್ಜಿನ್.

ಒಂದೇ ಸಿರಿಂಜ್‌ನಲ್ಲಿ ಎರಡು ಎಳೆಯುವ ಪ್ರಶ್ನೆಯಲ್ಲಿ ತಿಳಿಯಾದ ರೆಗ್ಯುಲರ್ ಮೊದಲು, ಮೋಡದಂಥ ಎನ್‌ಪಿಎಚ್ ಆಮೇಲೆ. ರೆಗ್ಯುಲರ್ ಬಾಟಲಿಗೆ ಪ್ರೋಟಮಿನ್ ಹೋಗಬಾರದಲ್ವಾ? ಗ್ಲಾರ್ಜಿನ್ ಕೂಡ ತಿಳಿಯಾಗಿಯೇ ಕಾಣುತ್ತದೆ, ಆದರೆ ಅದನ್ನು ಯಾವುದರ ಜೊತೆಗೂ ಬೆರೆಸುವಂತಿಲ್ಲ. ಅದು ಆಮ್ಲೀಯ ದ್ರಾವಣ. ಚರ್ಮದ ಕೆಳಗೆ ಹೋದ ಮೇಲೆ ಹರಳುಗಟ್ಟಿ ನಿಧಾನವಾಗಿ ಕರಗಬೇಕು, ಸಿರಿಂಜ್‌ನಲ್ಲೇ ಹರಳುಗಟ್ಟಿದರೆ ಪಟ್ಟಿಯ ಗಂಟೆಗಳು ಯಾವುವೂ ಹೊಂದುವುದಿಲ್ಲ.